‘ಮಾಡಿ’ ಎಂದಾಗ ಮಾತು ಮುಗಿಯಿತೇ?

(ಧ್ವನಿ ಆಜ್ಞೆಗಳಿಂದ ನಡೆಯುವ ಸಾಧನಗಳ ಕುರಿತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ನಮಸ್ಕಾರ. ನಮ್ಮ ಮನೆಯ ತಾರಸಿಯ ಮೇಲೆ 1000 ಲೀಟರಿನ ಒಂದು ಟ್ಯಾಂಕ್ ಇದೆ, ಕೆಳಗೆ ಸಂಪ್ ಇದೆ, ನಡುವೆ ಅರ್ಧ ಅಶ್ವಶಕ್ತಿಯ ಮೋಟರ್ ಇದೆ. ಟ್ಯಾಂಕ್ ತುಂಬಲು ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ನನ್ನ ತಾಯಿಗೆ ಮಂಡಿನೋವು ಇರುವುದರಿಂದ ಹಿತ್ತಲಿನ ಸ್ವಿಚ್ಚಿನವರೆಗೆ ಹೋಗಿಬರುವುದು ತಪ್ಪಲಿ ಎಂದು, ಒಂದು ಪುಟ್ಟ ಕಂಪ್ಯೂಟರ್, ಮೈಕ್ ಮತ್ತು ಮೋಟರಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ರಿಲೇ ಜೋಡಿಸಿ ಮಾತಿಗೆ ಓಗೊಡುವ ಸಾಧನವೊಂದನ್ನು ನಾನೇ ತಯಾರಿಸಿದ್ದೆ. ಹಾಗಾಗಿ ಇಂದು ಹೇಳಲಿರುವ ತಪ್ಪಿಗೆ ಯಾವ ಕಂಪನಿಯನ್ನೂ ದೂರುವಂತಿಲ್ಲ. ತಪ್ಪು ಪೂರ್ತಿ ನನ್ನದೇ.

ಒಂದು ಬೆಳಿಗ್ಗೆ ನಾನು ಕಚೇರಿಯಲ್ಲಿದ್ದಾಗ ಪಕ್ಕದ ಮನೆಯವರ ಫೋನ್ ಬಂತು: “ನಿಮ್ಮ ಟ್ಯಾಂಕ್ ತುಂಬಿ ಹರೀತಾ ಇದೆ ಕಣ್ರೀ, ಗೋಡೆ ಎಲ್ಲಾ ನೆಂದು ಹೋಗಿದೆ.” ಮೋಟರ್ ಒಂದೂವರೆ ಗಂಟೆ ಓಡಿತ್ತು. ಸಂಜೆ ಮನೆಗೆ ಬಂದು ಕೇಳಿದಾಗ ಅಮ್ಮ ಹೇಳಿದ್ದು ಇಷ್ಟೇ: “ನಾನು ಹೇಳಿದ್ದೆ ಕಣೋ, ಇಪ್ಪತ್ತು ನಿಮಿಷ ಆದ್ಮೇಲೆ ಆಫ್ ಮಾಡಿ ಅಂತ. ಅದು ಟಿಂಗ್ ಅಂತು. ಕೇಳಿಸಿಕೊಂಡಿದೆ ಅಂದ್ಕೊಂಡೆ.” ನಾನು ಸಾಧನದ ದಾಖಲೆಯನ್ನು ತೆರೆದು ನೋಡಿದೆ. ಅದರಲ್ಲಿ ‘ಮೋಟರ್ ಆನ್ ಮಾಡಿ’ ಎಂದು ಮಾತ್ರ ಇತ್ತು. ಗುರುತಿಸಿದ್ದು ಸರಿಯಾಗಿದೆ ಎಂಬ ವಿಶ್ವಾಸದ ಅಂಕವೂ ಬಹಳ ಹೆಚ್ಚಾಗಿತ್ತು. ದಾಖಲೆಯ ಪ್ರಕಾರ ಎಲ್ಲವೂ ಸುಸೂತ್ರ. ಕಿವಿಗೆ ಬಿದ್ದಷ್ಟನ್ನು ಎಷ್ಟು ಸರಿಯಾಗಿ ಗುರುತಿಸಿದೆ ಎಂಬುದನ್ನು ಮಾತ್ರ ಆ ಅಂಕ ಹೇಳುತ್ತದೆ. ಕಿವಿ ಮುಚ್ಚಿಕೊಂಡ ಮೇಲೆ ಏನು ಹೇಳಲಾಯಿತು ಎಂಬುದರ ಬಗ್ಗೆ ಅದಕ್ಕೆ ಹೇಳಲು ಏನೂ ಇರುವುದಿಲ್ಲ. ಇಂಥ ದೋಷ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುವುದು ಈ ಕಾರಣದಿಂದಲೇ.

ಸಾಧನವು ಮಾತು ಮುಗಿಯಿತೆಂದು ನಿರ್ಧರಿಸಿದ ಕ್ಷಣದಲ್ಲೇ ಧ್ವನಿಮುದ್ರಣವೂ ನಿಂತುಬಿಡುತ್ತಿದ್ದುದರಿಂದ ಅಂದು ನಿಜಕ್ಕೂ ಏನಾಯಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ಆದ್ದರಿಂದ ಮನೆಯವರಿಗೆ ತಿಳಿಸಿ, ನಿರ್ಧಾರದ ನಂತರವೂ ಮೂರು ಸೆಕೆಂಡು ಧ್ವನಿಯನ್ನು ಉಳಿಸಿಕೊಳ್ಳುವಂತೆ ಪ್ರೋಗ್ರಾಮನ್ನು ಬದಲಿಸಿದೆ. ನಾಲ್ಕನೆಯ ದಿನ ಅದೇ ಘಟನೆ ಮರುಕಳಿಸಿತು, ಈ ಬಾರಿ ಸಾಕ್ಷಿಯ ಸಮೇತ. ಸಾಧನ ಎಚ್ಚರಗೊಂಡ ಕ್ಷಣವನ್ನು ಸೊನ್ನೆ ಎಂದು ಇಟ್ಟುಕೊಂಡರೆ, ಅಮ್ಮ ‘ಮೋಟರ್ ಆನ್ ಮಾಡಿ’ ಎಂದು ಹೇಳಿ ಮುಗಿಸಿದ್ದು 1.9 ಸೆಕೆಂಡಿಗೆ. ಸಾಧನ ಮಾತು ಮುಗಿಯಿತೆಂದು ತೀರ್ಮಾನಿಸಿದ್ದು 2.4ಕ್ಕೆ. ರಿಲೇ ‘ಟಕ್’ ಎಂದು ಬಿದ್ದು, ಒಪ್ಪಿಗೆಯ ‘ಟಿಂಗ್’ ಸದ್ದು ಬಂದದ್ದು 2.5ಕ್ಕೆ. ಅಮ್ಮ ‘ಇಪ್ಪತ್ತು ನಿಮಿಷ’ ಎಂದು ಶುರು ಮಾಡಿದ್ದು 2.75ಕ್ಕೆ. ನಡುವಿನ ಬಿಡುವು 0.85 ಸೆಕೆಂಡು, ಆ ಹೊತ್ತಿನಲ್ಲಿ ಆಕೆ ಮಾಡಿದ್ದು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ್ದು, ಅಷ್ಟೇ. ಉಳಿದ ವಾಕ್ಯವನ್ನು ಅವರು ಪೂರ್ತಿಯಾಗಿ, ಸ್ಪಷ್ಟವಾಗಿ, ಯಾರೂ ಕೇಳಿಸಿಕೊಳ್ಳದ ಒಂದು ಪೆಟ್ಟಿಗೆಗೆ ಹೇಳಿದ್ದರು.

ಮಾತು ಮುಗಿಯಿತೆಂದು ಸಾಧನಕ್ಕೆ ತಿಳಿಯುವುದು ಹೇಗೆ? ಒಳಬರುವ ಧ್ವನಿಯನ್ನು ಹತ್ತರಿಂದ ಮೂವತ್ತು ಮಿಲಿಸೆಕೆಂಡುಗಳಷ್ಟು ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲೂ ಮನುಷ್ಯನ ಮಾತು ಇದೆಯೋ ಇಲ್ಲವೋ ಎಂದು ಒಂದು ಚಿಕ್ಕ ಪ್ರೋಗ್ರಾಮು ತೀರ್ಪು ಕೊಡುತ್ತಾ ಹೋಗುತ್ತದೆ. ಒಂದೆರಡು ತುಣುಕು ಖಾಲಿಯಾಗಿ ಬಂದ ಮಾತ್ರಕ್ಕೆ ಮಾತು ನಿಂತಿತು ಎನ್ನುವಂತಿಲ್ಲ. ‘ಇಪ್ಪತ್ತು’ ಎಂಬ ಪದವನ್ನೇ ನಿಧಾನವಾಗಿ ಹೇಳಿ ನೋಡಿ: ‘ಪ್ಪ’ ಬಂದಾಗ ತುಟಿಗಳು ಮುಚ್ಚುತ್ತವೆ, ‘ತ್ತ’ ಬಂದಾಗ ನಾಲಿಗೆ ಹಲ್ಲಿಗೆ ಒತ್ತುತ್ತದೆ, ಎರಡು ಕಡೆಯೂ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಹೆಚ್ಚು ಹೊತ್ತು ನಿಜವಾದ ನಿಶ್ಶಬ್ದವೇ ಇರುತ್ತದೆ. ಒತ್ತಕ್ಷರ ತುಂಬಿರುವ ನಮ್ಮ ಭಾಷೆಯಲ್ಲಿ ಪದದ ಹೊಟ್ಟೆಯೊಳಗೇ ಮೌನವಿದೆ. ಆದ್ದರಿಂದ ಮೌನ ಎಷ್ಟು ಹೊತ್ತು ಸತತವಾಗಿ ಇರಬೇಕೆಂದು ಒಂದು ಗಡುವನ್ನು ಇಡಲಾಗುತ್ತದೆ. ಆ ಗಡುವು ಮೀರಿದಾಗ ಬಾಗಿಲು ಮುಚ್ಚುತ್ತದೆ.

ನಾನು ಬಳಸಿದ್ದು ಮಾತನ್ನು ಗುರುತಿಸುವ ಕಾಲ್ಡಿ ಎಂಬ ಮುಕ್ತ ತಂತ್ರಾಂಶವನ್ನು. ಕಾಫಿಯ ಗುಣವನ್ನು ಮೊದಲು ಕಂಡನೆಂದು ಕಥೆಗಳು ಹೇಳುವ ಇಥಿಯೋಪಿಯದ ಮೇಕೆ ಕಾಯುವವನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಗಡುವಿನ ವಿಷಯದಲ್ಲಿ ಅದು ಒಂದೇ ಅಂಕಿಯನ್ನು ನೆಚ್ಚಿಕೊಳ್ಳುವುದಿಲ್ಲ. ಐದು ನಿಯಮಗಳನ್ನು ಇಟ್ಟುಕೊಂಡು, ಯಾವುದು ಮೊದಲು ನಿಜವಾದರೂ ಅಲ್ಲಿಗೆ ಮಾತು ಮುಗಿಯಿತೆಂದು ತೀರ್ಮಾನಿಸುತ್ತದೆ. ಅದು ಮೊದಲಿನಿಂದಲೇ ಇಟ್ಟುಕೊಂಡು ಬರುವ ಮೌಲ್ಯಗಳು ಇವು:

```
--endpoint.rule1.min-trailing-silence=5.0
--endpoint.rule2.min-trailing-silence=0.5
--endpoint.rule3.min-trailing-silence=1.0
--endpoint.rule4.min-trailing-silence=2.0
--endpoint.rule5.min-utterance-length=20.0
```

ಏನನ್ನೂ ಹೇಳದೆ ಐದು ಸೆಕೆಂಡು ಕಳೆದರೆ ಮುಗಿಯಿತು ಎನ್ನುವುದು ಮೊದಲನೆಯದು. ಎಷ್ಟೇ ಮಾತಾಡುತ್ತಿದ್ದರೂ ಇಪ್ಪತ್ತು ಸೆಕೆಂಡಿಗೆ ಕತ್ತರಿಸು ಎನ್ನುವುದು ಕೊನೆಯದು. ನಮಗೆ ಮುಖ್ಯವಾದದ್ದು ನಡುವಿನ ಮೂರು. ಈವರೆಗೆ ಕೇಳಿದ ಪದಗಳು ಒಂದು ಪೂರ್ಣ ವಾಕ್ಯವಾಗಿ ಚೆನ್ನಾಗಿ ಹೊಂದಿಕೊಂಡರೆ ಅರ್ಧ ಸೆಕೆಂಡಿನ ಮೌನ ಸಾಕು. ಸುಮಾರಾಗಿ ಹೊಂದಿಕೊಂಡರೆ ಒಂದು ಸೆಕೆಂಡು ಬೇಕು. ಮುಗಿದಂತೆಯೇ ಕಾಣದಿದ್ದರೆ ಎರಡು ಸೆಕೆಂಡು ಕಾಯಬೇಕು. ಅಂದರೆ ಬರಿಯ ಮೌನವನ್ನು ಅಳೆಯದೆ, ವಾಕ್ಯ ಮುಗಿಯುವ ಜಾಗದಲ್ಲಿದೆಯೇ ಎಂದೂ ನೋಡಿ ಗಡುವನ್ನು ಹಿಗ್ಗಿಸುವ, ಕುಗ್ಗಿಸುವ ಜಾಣತನ ಇದರಲ್ಲಿದೆ. ಇಂಗ್ಲಿಷಿನಲ್ಲಿ ಈ ಜಾಣತನ ಬಹುಪಾಲು ಫಲ ಕೊಡುತ್ತದೆ. ಕನ್ನಡದಲ್ಲಿ ಇದೇ ಜಾಣತನ ನನ್ನ ಗೋಡೆಯನ್ನು ನೆನೆಸಿತು.

ಏಕೆಂದರೆ ‘ಮಾಡಿ’ ಎಂಬ ರೂಪ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ‘ದಯವಿಟ್ಟು ಆನ್ ಮಾಡಿ’ ಎಂದಾಗ ಅದು ಗೌರವದ ವಿಧ್ಯರ್ಥ, ಅಲ್ಲಿಗೆ ವಾಕ್ಯ ಮುಗಿಯುತ್ತದೆ. ‘ಆನ್ ಮಾಡಿ ಹೊರಗೆ ಹೋದರು’ ಎಂದಾಗ ಅದು ಭೂತಕಾಲದ ಕೃದಂತ ಅವ್ಯಯ, ವಾಕ್ಯ ಮುಂದೆ ಸಾಗಲೇಬೇಕು. ಬರಹದಲ್ಲಿ ಎರಡೂ ಒಂದೇ, ಅಕ್ಷರಗಳಾಗಿ ನೋಡಿದರೆ ಉಚ್ಚಾರಣೆಯೂ ಒಂದೇ. ಹಾಕಿ, ಕಳಿಸಿ, ನಿಲ್ಲಿಸಿ, ಆರಿಸಿ, ಓಡಿಸಿ: ಮನೆಯ ಸಾಧನಗಳಿಗೆ ನಾವು ಹೇಳುವ ಕ್ರಿಯಾಪದಗಳಲ್ಲಿ ಹೆಚ್ಚಿನವು ಈ ಗುಂಪಿಗೇ ಸೇರಿವೆ. ‘ಕೊಡಿ’ ಮತ್ತು ‘ಕೊಟ್ಟು’, ‘ಇಡಿ’ ಮತ್ತು ‘ಇಟ್ಟು’ ಎಂದು ಎರಡು ಬೇರೆ ರೂಪಗಳಿರುವ ಕ್ರಿಯಾಪದಗಳಲ್ಲಿ ಈ ತೊಡಕಿಲ್ಲ. ಯಂತ್ರವನ್ನು ಏಕವಚನದಲ್ಲಿ ಕರೆದು ‘ಮಾಡು’ ಎನ್ನುವವರಿಗೂ ತೊಡಕಿಲ್ಲ, ಏಕೆಂದರೆ ‘ಮಾಡು’ ಎಂದಮೇಲೆ ಆ ವಾಕ್ಯ ಮುಂದುವರಿಯುವಂತಿಲ್ಲ. ನನ್ನ ತಾಯಿ ಎಲೆಕ್ಟ್ರಿಷಿಯನ್ನಿಗೆ ಹೇಗೋ ಹಾಗೆಯೇ ಪೆಟ್ಟಿಗೆಗೂ ಬಹುವಚನ ಕೊಟ್ಟು ಮಾತಾಡುತ್ತಾರೆ. ಆ ಮರ್ಯಾದೆಗೆ ತೆತ್ತ ಬೆಲೆ ಒಂದೂವರೆ ಗಂಟೆಯ ನೀರು.

ಈಗ ನಿಯಮಕ್ಕೆ ಮರಳಿ ನೋಡಿದರೆ ವಿಪರ್ಯಾಸ ಕಾಣುತ್ತದೆ. ‘ಮೋಟರ್’ ಎಂದು ಹೇಳಿ ಅಮ್ಮ ತಡೆದಿದ್ದರೆ, ವಾಕ್ಯ ಅಪೂರ್ಣವೆಂದು ಸಾಧನ ಎರಡು ಸೆಕೆಂಡು ಕಾಯುತ್ತಿತ್ತು. ‘ಮೋಟರ್ ಆನ್ ಮಾಡಿ’ ಎಂಬುದು ನಾನು ಬರೆದಿದ್ದ ಆಜ್ಞೆಗಳ ಪಟ್ಟಿಯಲ್ಲಿ ಪೂರ್ಣ ವಾಕ್ಯವೇ ಆಗಿದ್ದುದರಿಂದ ಅದು ಕಾದದ್ದು ಅರ್ಧ ಸೆಕೆಂಡು ಮಾತ್ರ. ನಮ್ಮ ಭಾಷೆಯಲ್ಲಿ ಜನ ಸಹಜವಾಗಿ ಉಸಿರು ತೆಗೆದುಕೊಳ್ಳುವ ಜಾಗವೇ ಈ ಕೃದಂತದ ನಂತರದ ಜಾಗ. ಹೆಚ್ಚು ಕಾಯಬೇಕಾದ ಕಡೆಯೇ ಅದು ಕಡಿಮೆ ಕಾಯಿತು.

ಮನುಷ್ಯರು ಇದೇ ‘ಮಾಡಿ’ಯನ್ನು ಕೇಳಿ ಗೊಂದಲಕ್ಕೆ ಬೀಳುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಾವು ಮೌನವನ್ನು ಕಾಯುವುದೇ ಇಲ್ಲ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದರಲ್ಲಿ (ಆ ಹತ್ತರಲ್ಲಿ ಕನ್ನಡ ಇರಲಿಲ್ಲ) ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸುಮಾರು 0.2 ಸೆಕೆಂಡು ಎಂದು ಕಂಡುಬಂತು. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು ತೊಡಗುವುದಕ್ಕೇ ಅದಕ್ಕಿಂತ ಹೆಚ್ಚು ಸಮಯ ಬೇಕು. ಅಂದರೆ ಎದುರಿನವರ ಮಾತು ಎಲ್ಲಿ ಮುಗಿಯುತ್ತದೆ ಎಂಬುದನ್ನು ಅದು ಮುಗಿಯುವ ಮೊದಲೇ ಊಹಿಸಿ ನಾವು ಉತ್ತರ ಕಟ್ಟಿಕೊಂಡಿರುತ್ತೇವೆ. ಆ ಊಹೆಗೆ ದನಿಯ ಏರಿಳಿತ ನೆರವಾಗುತ್ತದೆ: ಆಜ್ಞೆಯ ‘ಮಾಡಿ’ಯಲ್ಲಿ ದನಿ ಸಾಮಾನ್ಯವಾಗಿ ಇಳಿಯುತ್ತದೆ, ಮುಂದುವರಿಯುವ ‘ಮಾಡಿ’ಯಲ್ಲಿ ಕೊನೆಯ ಇಕಾರ ತುಸು ಎಳೆದುಕೊಂಡು ದನಿ ಸಮನಾಗಿ ನಿಲ್ಲುತ್ತದೆ ಅಥವಾ ಮೇಲೇರುತ್ತದೆ. ಎದುರಿಗಿರುವವರು ಗಡಿಯಾರದತ್ತ ಕತ್ತೆತ್ತಿದ್ದನ್ನೂ ನಾವು ಕಾಣುತ್ತೇವೆ. ಪೆಟ್ಟಿಗೆಗೆ ಕಣ್ಣಿಲ್ಲ. ದನಿಯ ಏರಿಳಿತವನ್ನು ಕಲಿಸಬಹುದು, ಕಲಿಸಿದವರೂ ಇದ್ದಾರೆ. ಆದರೆ ವಯಸ್ಸಾದವರ ನಡುಗುವ ದನಿ, ಫ್ಯಾನಿನ ಸದ್ದು, ಅಡುಗೆಮನೆಯಿಂದ ಕೂಗಿ ಹೇಳಿದ ಮಾತು ಇವುಗಳ ನಡುವೆ ಆ ಸೂಕ್ಷ್ಮ ವ್ಯತ್ಯಾಸ ಉಳಿಯುತ್ತದೆಂಬ ಭರವಸೆ ನನಗಿಲ್ಲ.

ಕನ್ನಡ ಕೆಲವೆಡೆ ನೆರವಿಗೂ ಬರುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಸಂಖ್ಯೆಗಳನ್ನು ನೋಡಿ. ‘ಸಾವಿರ’ ಮುಗಿದ ಸಂಖ್ಯೆ, ‘ಸಾವಿರದ’ ಎಂದರೆ ಮುಂದೆ ಇನ್ನೂ ಇದೆ. ‘ನೂರು’ ಮುಗಿದದ್ದು, ‘ನೂರಾ’ ಮುಗಿಯದ್ದು. ಹಣ ಕಳಿಸುವ ಆಜ್ಞೆಯಲ್ಲಿ ‘ಸಾವಿರದ’ ಎಂದು ಕೇಳಿಸಿ ಮೌನ ಬಂದರೆ, ಐನೂರೋ ಐವತ್ತೋ ಬರಲಿದೆಯೆಂದು ತಿಳಿದು ಕಾಯುವುದಕ್ಕೆ ವ್ಯಾಕರಣವೇ ಸೂಚನೆ ಕೊಟ್ಟಿರುತ್ತದೆ. ದುರದೃಷ್ಟವೆಂದರೆ ಹಿಂದಿನ ಹಂತದಲ್ಲಿ ‘ಸಾವಿರದ’ ಎಂಬುದನ್ನು ‘ಸಾವಿರ’ ಎಂದು ‘ಸರಿಪಡಿಸಿ’ ಕೊಡುವ ವ್ಯವಸ್ಥೆಗಳಿವೆ. ಅಲ್ಲಿ ಆ ಸೂಚನೆ ಕಸದ ಬುಟ್ಟಿಗೆ ಹೋಗುತ್ತದೆ.

ಹಾಗಾದರೆ ಗಡುವನ್ನೇ ಹೆಚ್ಚಿಸಬಾರದೇ? ನಾನು ಮೊದಲು ಮಾಡಿದ್ದು ಅದನ್ನೇ. ಎರಡನೆಯ ನಿಯಮದ 0.5 ಅನ್ನೂ ಮೂರನೆಯ ನಿಯಮದ 1.0 ಅನ್ನೂ 1.5ಕ್ಕೆ ಏರಿಸಿದೆ. ಅಮ್ಮನ ಬಿಡುವು 0.85 ಆದ್ದರಿಂದ ಮೋಟರಿನ ವಾಕ್ಯ ಪೂರ್ತಿ ಬಂತು. ಆದರೆ ‘ದೀಪ ಹಾಕಿ’ ಎಂದ ಮೇಲೂ ಒಂದೂವರೆ ಸೆಕೆಂಡು ಕತ್ತಲೆ. ಹೇಳುವುದಕ್ಕೆ ಇದು ಚಿಕ್ಕ ಅವಧಿ. ಕತ್ತಲೆಯಲ್ಲಿ ನಿಂತವರಿಗೆ ದೊಡ್ಡದು. ಕೇಳಿಸಲಿಲ್ಲವೇನೋ ಎಂದುಕೊಂಡು ಅಮ್ಮ ಎರಡನೆಯ ಸಲ ‘ದೀಪ ಹಾಕಿ’ ಎನ್ನುತ್ತಿದ್ದರು. ಎರಡೂ ಸೇರಿ ‘ದೀಪ ಹಾಕಿ ದೀಪ ಹಾಕಿ’ ಎಂಬ ಒಂದೇ ಮಾತಾಗಿ, ಪಟ್ಟಿಯಲ್ಲಿ ಇಲ್ಲದ ವಾಕ್ಯವೆಂದು ಸಾಧನ ಸುಮ್ಮನಾಗುತ್ತಿತ್ತು. ಮಾತು ಕತ್ತರಿಸುವ ತಪ್ಪು ಮತ್ತು ತಡವಾಗಿ ಓಗೊಡುವ ತಪ್ಪು ಒಂದೇ ತಕ್ಕಡಿಯ ಎರಡು ತಟ್ಟೆಗಳು. ಗಡುವು ಎಂಬ ಒಂದೇ ಅಂಕಿಯನ್ನು ತಿರುಗಿಸುತ್ತಾ ಕುಳಿತರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಬಹುದೇ ಹೊರತು ಎರಡನ್ನೂ ಇಳಿಸಲಾಗದು.

ಮಾತಾಡುವವರಿಗೇ ಆ ಅಂಕಿಯನ್ನು ಬಿಟ್ಟುಕೊಡುವುದು ಒಂದು ಮಾರ್ಗ. ಆಪಲ್ ಕಂಪನಿಯು 2022ರ ಐಓಎಸ್ 16ರಲ್ಲಿ, ಮಾತು ಮುಗಿಯಿತೆಂದು ತಿಳಿಯಲು ತನ್ನ ಧ್ವನಿ ಸಹಾಯಕ ‘ಸಿರಿ’ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಬಳಕೆದಾರರೇ ಹೆಚ್ಚಿಸಿಕೊಳ್ಳುವ ಆಯ್ಕೆಯನ್ನು ಕೊಟ್ಟಿತು. ತೊದಲುವವರಿಗೂ ನಿಧಾನವಾಗಿ ಮಾತಾಡುವವರಿಗೂ ಅದು ನಿಜವಾದ ಉಪಕಾರ. ಆಂಡ್ರಾಯ್ಡ್ ಆಪ್ ಬರೆಯುವವರಿಗೆ `EXTRA_SPEECH_INPUT_COMPLETE_SILENCE_LENGTH_MILLIS` ಎಂಬ ಮೌಲ್ಯವನ್ನು ಕೇಳಿಕೊಳ್ಳುವ ಅವಕಾಶವಿದೆ. ಆದರೆ ಗುರುತಿಸುವ ತಂತ್ರಾಂಶವನ್ನು ಅವಲಂಬಿಸಿ ಇದರಿಂದ ಯಾವ ಪರಿಣಾಮವೂ ಆಗದಿರಬಹುದು ಎಂದು ಅದರ ಕೈಪಿಡಿಯೇ ಹೇಳುತ್ತದೆ, ಆದ್ದರಿಂದ ಅದನ್ನು ನಂಬಿ ಮೋಟರ್ ಜೋಡಿಸಬೇಡಿ.

ನನ್ನ ಅಭಿಪ್ರಾಯದಲ್ಲಿ ಮೂಲ ದೋಷ ಗಡುವಿನಲ್ಲಿಲ್ಲ. ‘ಮಾತು ಮುಗಿದಿರಬಹುದು’ ಎಂಬ ಊಹೆಯನ್ನೂ ‘ಕೆಲಸ ಮಾಡಬಹುದು’ ಎಂಬ ಅನುಮತಿಯನ್ನೂ ಒಂದೇ ಕ್ಷಣಕ್ಕೆ ಕಟ್ಟಿಹಾಕಿದ್ದರಲ್ಲಿ ದೋಷವಿದೆ. ಅರ್ಧ ಸೆಕೆಂಡಿನ ಮೌನವಾದಾಗ ಸಾಧನ ವಾಕ್ಯವನ್ನು ಅರ್ಥ ಮಾಡಿಕೊಳ್ಳಲು ತೊಡಗಲಿ, ಅದರಲ್ಲಿ ಅಡ್ಡಿಯಿಲ್ಲ. ಆದರೆ ಮೈಕನ್ನು ಆಗಲೇ ಮುಚ್ಚಬೇಕಾಗಿಲ್ಲ, ರಿಲೇಯನ್ನು ಆಗಲೇ ಬೀಳಿಸಬೇಕಾಗಿಯೂ ಇಲ್ಲ. ದೀಪವಾದರೆ ಕೂಡಲೇ ಹಾಕಲಿ; ತಪ್ಪಾದರೆ ಆರಿಸಿದರಾಯಿತು, ನಷ್ಟವೇನೂ ಇಲ್ಲ. ಮೋಟರ್, ಗೀಸರ್, ಬಾಗಿಲಿನ ಬೀಗ, ಯಾರಿಗೋ ಕಳಿಸುವ ಸಂದೇಶ, ಹಣ, ಇವುಗಳಲ್ಲಿ ತಾನು ಏನನ್ನು ಕೇಳಿಸಿಕೊಂಡೆ ಎಂಬುದನ್ನು ಮೊದಲು ಹೇಳಿ ಒಪ್ಪಿಗೆ ಪಡೆಯಲಿ. ‘ಆಫ್’ ಮತ್ತು ‘ನಿಲ್ಲಿಸಿ’ ಎಂಬ ಆಜ್ಞೆಗಳಿಗೆ ಇದು ಅನ್ವಯಿಸಬಾರದು. ಮೋಟರ್ ನಿಲ್ಲಿಸಿ ಎಂದು ಕೂಗಿದವರನ್ನು ‘ಖಚಿತವೇ?’ ಎಂದು ಕೇಳುವ ಸಾಧನವನ್ನು ನಾನಾಗಿದ್ದರೆ ಕಿತ್ತೊಗೆಯುತ್ತೇನೆ.

ನೀರು ತುಂಬಿದಾಗ ಮೋಟರನ್ನು ತಾನೇ ನಿಲ್ಲಿಸುವ ಒಂದು ಫ್ಲೋಟ್ ಸ್ವಿಚ್ಚನ್ನು ಟ್ಯಾಂಕಿಗೆ ಹಾಕಿದ್ದರೆ ಇಷ್ಟೆಲ್ಲ ರಾಮಾಯಣವೇ ಬೇಕಿರಲಿಲ್ಲ ಎಂದು ಮುಂದಿನ ಸಾಲಿನಲ್ಲಿರುವ ಒಬ್ಬರು ನಗುತ್ತಿದ್ದಾರೆ. ಅವರ ಮಾತು ಸರಿ, ಈಗ ಹಾಕಿಸಿದ್ದೇನೆ. ಆದರೆ ತಪ್ಪಾದವರಿಗೆ ಹೋದ ಸಂದೇಶಕ್ಕೆ ಫ್ಲೋಟ್ ಸ್ವಿಚ್ ಇರುವುದಿಲ್ಲ.

ಹೇಗೆ ಕೇಳಬೇಕು ಎಂಬುದರಲ್ಲಿ ನಾನು ಮೂರು ಸಲ ಎಡವಿದೆ, ಆ ಎಡವಿದ ಕಥೆಯೇ ಹೆಚ್ಚು ಉಪಯುಕ್ತ ಎಂದು ಭಾವಿಸಿದ್ದೇನೆ. ಮೊದಲು ಬರಿಯ ‘ಟಿಂಗ್’ ಸದ್ದು ಇತ್ತು. ಅದು ಏನನ್ನು ಒಪ್ಪಿಕೊಂಡಿತು ಎಂದು ಹೇಳುವುದಿಲ್ಲ; ಅಮ್ಮ ತಮ್ಮ ಪೂರ್ತಿ ವಾಕ್ಯಕ್ಕೆ ಅದು ‘ಆಯಿತು’ ಎಂದಿದೆ ಎಂದುಕೊಂಡರು, ಅದು ಹೇಳಿದ್ದು ಅರ್ಧಕ್ಕೆ ಮಾತ್ರ. ಎರಡನೆಯದಾಗಿ ‘ಮಾಡಲೇ?’ ಎಂದು ಕೇಳಿಸಿದೆ. ಅದೂ ಪ್ರಯೋಜನಕ್ಕೆ ಬರಲಿಲ್ಲ, ಏಕೆಂದರೆ ಏನನ್ನು ಮಾಡಲೇ ಎಂಬುದು ಎರಡೂ ಕಡೆಯವರ ತಲೆಯಲ್ಲಿ ಬೇರೆ ಬೇರೆ ಇತ್ತು. ಮೂರನೆಯದಾಗಿ, ಕೇಳಿದ್ದನ್ನು ಪೂರ್ತಿ ಹೇಳಿ, ಕೇಳದೆ ಇರುವುದನ್ನೂ ಹೇಳುವಂತೆ ಮಾಡಿದೆ: “ಮೋಟರ್ ಆನ್ ಮಾಡುತ್ತೇನೆ. ಆಫ್ ಮಾಡುವ ಸಮಯ ಹೇಳಿಲ್ಲ. ಹಾಗೇ ಬಿಡಲೇ?” ಮಾತು ಕತ್ತರಿಸಿದ್ದು ಬಯಲಾಗುವುದು ಈ ಎರಡನೆಯ ವಾಕ್ಯದಿಂದ. ಅಮ್ಮ ಕೂಡಲೇ “ಹೇಳಿದೆನಲ್ಲ, ಇಪ್ಪತ್ತು ನಿಮಿಷ” ಎಂದರು. ಆದರೆ ‘ಹಾಗೇ ಬಿಡಲೇ’ ಎಂಬುದು ಮತ್ತೆ ನನ್ನ ಅವಿವೇಕ. ಸಮಯವಿಲ್ಲದೆ ಓಡಲು ಬಿಡಲೇ ಎಂದೂ ಅರ್ಥವಾಗುತ್ತದೆ, ಆನ್ ಮಾಡದೆ ಬಿಟ್ಟುಬಿಡಲೇ ಎಂದೂ ಅರ್ಥವಾಗುತ್ತದೆ. ಒಮ್ಮೆ ಅದನ್ನು ಎರಡನೆಯ ಅರ್ಥದಲ್ಲಿ ತೆಗೆದುಕೊಂಡು ಅಮ್ಮ ‘ಹೂಂ’ ಎಂದರು, ಸಾಧನ ಮೊದಲ ಅರ್ಥದಲ್ಲಿ ಮೋಟರ್ ಓಡಿಸಿತು.

ಆ ‘ಹೂಂ’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ದೃಢೀಕರಣ ಕೇಳಿದರೆ ಎಲ್ಲವೂ ಬಗೆಹರಿಯಿತು ಎಂದು ತಿಳಿಯುವವರು 2018ರ ಮೇ ತಿಂಗಳಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಿಂದ ಸುದ್ದಿಯಾದ ಘಟನೆಯನ್ನು ನೆನೆಯಬೇಕು. ಅಲ್ಲಿನ ಮನೆಯೊಂದರಲ್ಲಿದ್ದ ಅಮೆಜಾನ್ ಎಕೋ ಸಾಧನವು ದಂಪತಿಯ ಖಾಸಗಿ ಮಾತುಕತೆಯನ್ನು ಮುದ್ರಿಸಿ ಅವರ ಪರಿಚಿತರೊಬ್ಬರಿಗೆ ಕಳಿಸಿತ್ತು. ಅಮೆಜಾನ್ ಕೊಟ್ಟ ವಿವರಣೆಯ ಪ್ರಕಾರ, ಮಾತಿನ ನಡುವೆ ಯಾವುದೋ ಪದ ತನ್ನ ಹೆಸರಿನಂತೆ ಕೇಳಿಸಿ ಸಾಧನ ಎಚ್ಚರಗೊಂಡಿತು, ಮುಂದಿನ ಮಾತು ‘ಸಂದೇಶ ಕಳಿಸು’ ಎಂಬಂತೆ ಕೇಳಿಸಿತು, ಅದು ‘ಯಾರಿಗೆ?’ ಎಂದು ಗಟ್ಟಿಯಾಗಿ ಕೇಳಿತು, ಹಿನ್ನೆಲೆಯ ಮಾತಿನಲ್ಲಿ ಒಂದು ಹೆಸರು ಕೇಳಿಸಿತು. ಆ ಹೆಸರು ಸರಿಯೇ ಎಂದು ಮತ್ತೆ ಕೇಳಿತು, ಹಿನ್ನೆಲೆಯ ಮಾತಿನಲ್ಲೇ ‘ಸರಿ’ ಎಂಬುದೂ ಕೇಳಿಸಿತು. ಸಾಧನ ಕೇಳಬೇಕಾದ್ದನ್ನೆಲ್ಲ ಕೇಳಿತ್ತು. ಉತ್ತರ ತನಗೇ ಬಂದದ್ದೇ ಎಂಬುದನ್ನು ಮಾತ್ರ ಅದು ವಿಚಾರಿಸಲಿಲ್ಲ.

ಕನ್ನಡ ಮಾತುಕತೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಎದುರಿಗಿರುವವರು ಹೇಳುತ್ತಾ ಹೋದಂತೆ ‘ಹೂಂ, ಹೂಂ’ ಎನ್ನುತ್ತಿರುವುದು ನಮ್ಮಲ್ಲಿ ಕೇಳುತ್ತಿದ್ದೇನೆ ಎಂಬುದರ ಗುರುತು, ಒಪ್ಪಿಗೆಯಲ್ಲ. ಫೋನಿನಲ್ಲಿ ಅಕ್ಕನೊಂದಿಗೆ ಮಾತಾಡುತ್ತಿರುವ ಅಮ್ಮನ ಬಾಯಿಂದ ನಿಮಿಷಕ್ಕೆ ಹಲವು ‘ಹೂಂ’ ಬರುತ್ತವೆ. ಅದಕ್ಕಿಂತ ಕೆಟ್ಟದ್ದು ‘ಊಹೂಂ’. ಅದರ ಅರ್ಥ ‘ಬೇಡ’. ಮಾತು ಶುರುವಾಯಿತೆಂದು ಸಾಧನಕ್ಕೆ ಖಚಿತವಾಗಲು ಮೊದಲ ಕೆಲವು ತುಣುಕುಗಳು ಬೇಕಾಗುತ್ತವೆ. ಹಿಂದಿನ ಕಾಲು ಸೆಕೆಂಡಿನಷ್ಟು ಧ್ವನಿಯನ್ನು ಸದಾ ಕೈಯಲ್ಲಿಟ್ಟುಕೊಂಡು ಮಾತಿನ ಮುಂದೆ ಜೋಡಿಸದಿದ್ದರೆ ಆ ಆರಂಭ ಕಳೆದುಹೋಗುತ್ತದೆ. ಸಾಧನ ತಾನೇ ಪ್ರಶ್ನೆ ಕೇಳಿ ಮುಗಿಸುತ್ತಿರುವಾಗ, ತನ್ನ ಸ್ಪೀಕರಿನ ದನಿಯನ್ನು ತನ್ನ ಮೈಕಿನಿಂದ ಕಳೆಯುವ ಪ್ರಯತ್ನದಲ್ಲಿ ಎದುರಿನವರ ಮೆಲುದನಿಯ ಆರಂಭವನ್ನೂ ಕಳೆದುಬಿಡುವುದುಂಟು. ‘ಊಹೂಂ’ ಎಂಬುದರ ಮೊದಲ ‘ಊ’ ಮೆಲ್ಲಗೆ, ಮೂಗಿನಲ್ಲಿ ಬರುವ ದನಿ. ಅದು ಕತ್ತರಿಸಿ ಹೋದರೆ ಉಳಿಯುವುದು ‘ಹೂಂ’. ಕೊನೆ ಕತ್ತರಿಸಿದರೆ ನಿಮಿಷಗಳು ಹೋಗುತ್ತವೆ, ಮೊದಲು ಕತ್ತರಿಸಿದರೆ ಬೇಡ ಎಂದದ್ದು ಬೇಕು ಎಂದಾಗುತ್ತದೆ.

ಆದ್ದರಿಂದ ನನ್ನ ಸಾಧನದಲ್ಲಿ ಈಗ ‘ಹೂಂ’, ‘ಸರಿ’, ‘ಆಯ್ತು’ ಯಾವುದೂ ಒಪ್ಪಿಗೆಯಲ್ಲ. ಮೌನವೂ ಒಪ್ಪಿಗೆಯಲ್ಲ, ಆರು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ “ಮೋಟರ್ ಆನ್ ಮಾಡಿಲ್ಲ” ಎಂದು ಹೇಳಿ ಸುಮ್ಮನಾಗುತ್ತದೆ. ಹೌದು-ಇಲ್ಲ ಎಂಬ ಪ್ರಶ್ನೆಯನ್ನೇ ಬಿಟ್ಟು, ಬಿಟ್ಟುಹೋದ ಭಾಗವನ್ನು ಕೇಳುವಂತೆ ಮಾಡಿದ್ದೇನೆ: “ಮೋಟರ್ ಆನ್. ಎಷ್ಟು ನಿಮಿಷ?” ಉತ್ತರವಾಗಿ ಸಂಖ್ಯೆ ಬಂದರೆ ಮಾತ್ರ ರಿಲೇ ಬೀಳುತ್ತದೆ, ಬಿದ್ದ ಮೇಲೆ “ಇಪ್ಪತ್ತು ನಿಮಿಷ, ಶುರು” ಎಂದು ಆ ಸಂಖ್ಯೆಯನ್ನು ಮರಳಿ ಹೇಳುತ್ತದೆ. ಅಮ್ಮ ಮೊದಲೇ ಪೂರ್ತಿ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿದ್ದರೆ ಪ್ರಶ್ನೆ ಬರುವುದೇ ಇಲ್ಲ. ಎಲ್ಲದಕ್ಕೂ ಪ್ರಶ್ನೆ ಕೇಳುವ ಸಾಧನಕ್ಕೆ ಜನ ಕಿವಿಗೊಡದೆ ಉತ್ತರಿಸಲು ತೊಡಗುತ್ತಾರೆ, ಆಗ ದೃಢೀಕರಣ ಇದ್ದೂ ಇಲ್ಲದಂತೆ. ಯುಪಿಐ ಪಾವತಿಯಲ್ಲಿ ಪಿನ್ ಹಾಕುವ ಪರದೆಯ ಮೇಲೆ ಮೊತ್ತವೂ ಪಡೆಯುವವರ ಹೆಸರೂ ಕಾಣುತ್ತವೆಯಷ್ಟೆ. ಅಲ್ಲಿ ಕೈ ಪಿನ್ ಒತ್ತುತ್ತಿದ್ದರೂ ಕಣ್ಣು ಮೊತ್ತವನ್ನು ಓದಿರುವುದಿಲ್ಲ ಎಂಬುದು ನಮಗೆಲ್ಲರಿಗೂ ಗೊತ್ತಿರುವ ಸಂಗತಿ.

ನಿಮ್ಮಲ್ಲಿ ಇಂಥ ಸಾಧನ ಕಟ್ಟುವವರು ಮಾತು ಕತ್ತರಿಸುತ್ತಿದೆಯೇ ಎಂದು ಪರೀಕ್ಷಿಸುವ ಬಗೆಯನ್ನು ಹೇಳಿ ಮುಗಿಸುತ್ತೇನೆ. ದಾಖಲೆಯ ಪಠ್ಯವನ್ನು ಮಾತ್ರ ನೋಡಬೇಡಿ. ಬಾಗಿಲು ಮುಚ್ಚಿದ ನಂತರದ ಮೂರು ಸೆಕೆಂಡಿನ ಧ್ವನಿಯನ್ನು, ಮನೆಯವರ ಒಪ್ಪಿಗೆ ಪಡೆದು, ಕೆಲವು ದಿನ ಉಳಿಸಿಕೊಳ್ಳಿ. ಅದರಲ್ಲಿ ಅದೇ ವ್ಯಕ್ತಿಯ ದನಿ ಮತ್ತೆ ಶುರುವಾಗಿದ್ದರೆ ಅದನ್ನು ಬೇರೆ ತೆಗೆದಿಡಿ. ಬಳಿಕ ಅದೇ ಧ್ವನಿಯನ್ನು ಎರಡು ಸೆಕೆಂಡಿನ ಗಡುವು ಇಟ್ಟು ಮತ್ತೊಮ್ಮೆ ಗುರುತಿಸಲು ಕೊಡಿ. ಎರಡು ಪಠ್ಯಗಳು ಬೇರೆಯಾಗಿದ್ದರೆ, ಎರಡನೆಯದು ಉದ್ದವಾಗಿದ್ದರೆ, ಅಲ್ಲಿ ಕತ್ತರಿ ಆಡಿದೆ. ನನ್ನ ಮನೆಯಲ್ಲಿ ಹಾಗೆ ತೆಗೆದಿಟ್ಟವುಗಳಲ್ಲಿ ಹೆಚ್ಚಿನವು ‘ಮಾಡಿ’, ‘ಹಾಕಿ’ ಎಂಬಲ್ಲಿಯೇ ತುಂಡಾಗಿದ್ದವು.

ಇದೆಲ್ಲವನ್ನೂ ತಿದ್ದಿ ಹೊಸ ಪ್ರೋಗ್ರಾಮು ಹಾಕಿ ಒಂದು ವಾರವಾದ ಮೇಲೆ ದಾಖಲೆ ತೆರೆದು ನೋಡಿದರೆ, “ಎಷ್ಟು ನಿಮಿಷ?” ಎಂಬ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಕಾರಣ ತಿಳಿಯಲು ಧ್ವನಿ ಕೇಳಿದೆ. ಅಮ್ಮ ಅಷ್ಟರಲ್ಲಿ ತಾವೇ ವಾಕ್ಯವನ್ನು ತಿರುಗಿಸಿಕೊಂಡಿದ್ದರು: “ಇಪ್ಪತ್ತು ನಿಮಿಷ ಮೋಟರ್ ಆನ್ ಮಾಡಿ.” ಗಡಿಯಾರ ನೋಡುವ ಬಿಡುವು ಈಗ ‘ನಿಮಿಷ’ ಎಂಬುದರ ನಂತರ ಬರುತ್ತಿತ್ತು. ಅಲ್ಲಿ ವಾಕ್ಯ ಮುಗಿದಂತೆ ಕಾಣುವುದಿಲ್ಲವಾದ್ದರಿಂದ ಸಾಧನ ನಾಲ್ಕನೆಯ ನಿಯಮದ ಪ್ರಕಾರ ಎರಡು ಸೆಕೆಂಡು ಕಾಯುತ್ತಿತ್ತು.